ಕೈ ಕೊಟ್ಟ ಅಂದ್ರೆ ಸಹಾಯ ಮಾಡಿದ ಅಂತಲ್ಲ: ಕಣ್ಣು, ಕೈ, ಹೊಟ್ಟೆಯ ನುಡಿಗಟ್ಟುಗಳಿಗೆ ಇಂಗ್ಲಿಷ್ ಅರ್ಥ ಹುಡುಕುವ ಬಗೆ

ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರ ಪತ್ರವನ್ನು ಇಂಗ್ಲಿಷಿಗೆ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ವ್ಯಾಪಾರದ ಪಾಲುದಾರ ಅರ್ಧದಲ್ಲಿ ಬಿಟ್ಟು ಹೋಗಿದ್ದ. ಅದನ್ನು ಅವರು ಒಂದೇ ಸಾಲಿನಲ್ಲಿ ಹೇಳಿದ್ದರು: ‘ಕೊನೇ ಗಳಿಗೆಯಲ್ಲಿ ನನಗೆ ಕೈ ಕೊಟ್ಟ.’ ನನಗಿಂತ ಮೊದಲು ಯಾರೋ ಆ ಪತ್ರವನ್ನು ಇಂಗ್ಲಿಷ್ ಮಾಡಿದ್ದರು. ಅದರಲ್ಲಿ ಈ ಸಾಲು ‘ಹಿ ಗೇವ್ ಮಿ ಎ ಹ್ಯಾಂಡ್’ ಎಂದಾಗಿತ್ತು. ಒಂದೊಂದು ಪದವೂ ಸರಿ. ಆದರೆ ಇಂಗ್ಲಿಷಿನಲ್ಲಿ ಆ ಮಾತಿಗೆ ‘ನನಗೆ ಸಹಾಯ ಮಾಡಿದ’ ಅಂತ ಅರ್ಥ. ಮೋಸ ಹೋದವರ ದೂರು ಉಪಕಾರ ಸ್ಮರಣೆಯಾಗಿ ಬದಲಾಗಿಬಿಟ್ಟಿತ್ತು.

ದೇಹದ ಅಂಗಗಳ ಮೇಲೆ ಕಟ್ಟಿದ ನುಡಿಗಟ್ಟುಗಳಲ್ಲಿ ಈ ತಪ್ಪು ಬಹಳ ಸುಲಭವಾಗಿ ಆಗುತ್ತದೆ. ಕಣ್ಣು, ಕೈ, ಹೊಟ್ಟೆ ಎರಡೂ ಭಾಷೆಯವರಿಗೆ ಇವೆ. ಹಾಗಾಗಿ ಅಂಗದ ಹೆಸರು ಕಂಡ ತಕ್ಷಣ ಅದೇ ಹೆಸರಿರುವ ಇಂಗ್ಲಿಷ್ ಮಾತಿನ ಕಡೆ ಮನಸ್ಸು ಓಡುತ್ತದೆ. ಕೆಲವು ಸಲ ಅದು ಸರಿಯಾಗಿ ಕೂರುತ್ತದೆ. ‘ಪರಿಸ್ಥಿತಿ ಕೈ ಮೀರಿತು’ ಅಂದರೆ ‘ಔಟ್ ಆಫ್ ಹ್ಯಾಂಡ್’, ‘ಕೈ ಸುಟ್ಟುಕೊಂಡ’ ಅಂದರೆ ‘ಬರ್ನ್ಟ್ ಹಿಸ್ ಫಿಂಗರ್ಸ್’. ಇಂಥವು ನಾಲ್ಕಾರು ಸಿಕ್ಕಿದ ಮೇಲೆ ಎಲ್ಲವೂ ಹೀಗೇ ಇರಬೇಕು ಅನ್ನಿಸಿಬಿಡುತ್ತದೆ. ಆಗಲೇ ‘ಕೈ ಕೊಟ್ಟ’ ನಿಜವಾಗಿ ಕೈ ಕೊಡುವುದು.

ಹಾಗಾದರೆ ಸರಿಯಾದ ಅರ್ಥ ಹಿಡಿಯುವುದು ಹೇಗೆ? ನಾನು ಅನುಸರಿಸುವ ಹೆಜ್ಜೆಗಳನ್ನು ಇಲ್ಲಿ ಹೇಳುತ್ತೇನೆ. ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಇದರಿಂದ ಜಾಸ್ತಿ ಪ್ರಯೋಜನ, ಯಾಕೆಂದರೆ ಪಟ್ಟಿಯಲ್ಲಿ ಇಲ್ಲದ ನುಡಿಗಟ್ಟು ಎದುರಾದಾಗಲೂ ಇದು ನಡೆಯುತ್ತದೆ.

ಮೊದಲ ಹೆಜ್ಜೆ: ಅಂಗವನ್ನು ಬಿಟ್ಟು ಉಳಿದದ್ದನ್ನು ನೋಡಿ

ಅರ್ಥ ಅಂಗದಲ್ಲಿ ಇರುವುದು ಕಡಿಮೆ. ಅದರ ಜೊತೆಗಿರುವ ಕ್ರಿಯಾಪದದಲ್ಲಿ, ಪಕ್ಕದ ಪದಕ್ಕೆ ಹತ್ತಿದ ಪ್ರತ್ಯಯದಲ್ಲಿ ಇರುವುದೇ ಜಾಸ್ತಿ. ಆದ್ದರಿಂದ ನುಡಿಗಟ್ಟನ್ನು ಬರೆದುಕೊಳ್ಳುವಾಗ ಸುಮ್ನೆ ‘ಕೈ ಹಾಕು’ ಅಂತ ಬರೆದುಕೊಂಡರೆ ಸಾಲದು. ಯಾವುದಕ್ಕೆ, ಯಾವುದರಲ್ಲಿ, ಯಾರ ಮೇಲೆ ಎನ್ನುವುದೂ ಸೇರಬೇಕು.

‘ಕೈ ಹಾಕು’ ಒಂದನ್ನೇ ಹತ್ತಿರದಿಂದ ನೋಡೋಣ. ‘ದೊಡ್ಡ ಕೆಲಸಕ್ಕೆ ಕೈ ಹಾಕಿದ್ದಾಳೆ’ ಅಂದರೆ ಕೆಲಸವನ್ನು ಶುರು ಮಾಡಿದ್ದಾಳೆ, ಹೊಣೆ ಹೊತ್ತಿದ್ದಾಳೆ. ಇಂಗ್ಲಿಷಿನಲ್ಲಿ ‘ಟೇಕನ್ ಆನ್’ ಸಾಕು. ‘ನಮ್ಮ ಮನೆ ವಿಷಯದಲ್ಲಿ ನೀನು ಕೈ ಹಾಕಬೇಡ’ ಅಂದಾಗ ‘ಕ್ಕೆ’ ಹೋಗಿ ‘ಅಲ್ಲಿ’ ಬಂತು, ಅರ್ಥವೂ ತಿರುಗಿತು. ಈಗ ಅದು ಬೇಡದ ಕಡೆ ತಲೆ ಹಾಕುವುದು. ಇಂಗ್ಲಿಷಿನವರು ಇಲ್ಲಿ ಕೈ ಬಿಟ್ಟು ಮೂಗು ಹಿಡಿಯುತ್ತಾರೆ: ‘ಪೋಕ್ ಯುವರ್ ನೋಸ್ ಇನ್‌ಟು’. ನಾವೂ ಇದೇ ಅರ್ಥದಲ್ಲಿ ‘ಮೂಗು ತೂರಿಸಬೇಡ’ ಅನ್ನುತ್ತೇವಲ್ವಾ? ಮೂರನೆಯದು ‘ಅವನ ಮೇಲೆ ಕೈ ಹಾಕಿದರು’. ಇದು ಹೊಡೆತಕ್ಕೆ ಹೋದದ್ದು, ‘ಲೇ ಹ್ಯಾಂಡ್ಸ್ ಆನ್’ ಇದಕ್ಕೆ ಹತ್ತಿರ. ಹೆಣ್ಣುಮಗಳೊಬ್ಬಳ ಬಗ್ಗೆ ಇದೇ ಮಾತು ಬಂದರೆ ಕಿರುಕುಳ ಎಂಬ ಅರ್ಥವೂ ಇರಬಹುದು. ಹಾಗಾಗಿ ಮುಂದಿನ ಹಿಂದಿನ ಮಾತು ಓದದೆ ಇಂಗ್ಲಿಷ್ ಪದ ಆರಿಸಬಾರದು. ಇನ್ನೊಂದು, ‘ಜೇಬಿಗೆ ಕೈ ಹಾಕು’. ತನ್ನ ಜೇಬಿಗಾದರೆ ದುಡ್ಡು ಬಿಚ್ಚುವುದು, ಅಂದರೆ ‘ಡಿಪ್ ಇನ್‌ಟು ಯುವರ್ ಪಾಕೆಟ್’. ಇನ್ನೊಬ್ಬರ ಜೇಬಿಗಾದರೆ ಅವರ ದುಡ್ಡು ಕಸಿಯುವುದು.

ನೋಡಿ, ಕೈ ಅದೇ, ಹಾಕುವುದೂ ಅದೇ. ‘ಕ್ಕೆ’, ‘ಅಲ್ಲಿ’, ‘ಮೇಲೆ’ ಎನ್ನುವ ಪುಟ್ಟ ತುಣುಕುಗಳು ಅರ್ಥವನ್ನು ಎಲ್ಲಿಂದ ಎಲ್ಲಿಗೋ ಒಯ್ದವು.

ಇನ್ನೂ ಪುಟ್ಟ ತುಣುಕೊಂದಿದೆ: ‘ಒಂದು’. ಮೂಟೆ ಎತ್ತುವಾಗ ‘ಸ್ವಲ್ಪ ಒಂದು ಕೈ ಹಾಕಿ’ ಅಂತ ಕರೆದರೆ ಅದು ಅಪ್ಪಟ ಸಹಾಯದ ಕೋರಿಕೆ. ‘ಒಂದು ಕೈ ಕೊಡಪ್ಪ’ ಅಂದರೂ ಹಾಗೆಯೇ, ಇಲ್ಲಿ ‘ಗಿವ್ ಮಿ ಎ ಹ್ಯಾಂಡ್’ ಸರಿಯಾಗಿ ಹೊಂದುತ್ತದೆ. ಅಂದರೆ ‘ಕೈ ಕೊಡು’ ಯಾವಾಗಲೂ ಮೋಸ ಅಂತಲ್ಲ. ಎದುರಿಗಿರುವವರನ್ನು ಕೇಳಿಕೊಳ್ಳುವ ಮಾತಾದರೆ ಸಾಮಾನ್ಯವಾಗಿ ಸಹಾಯ. ಆಗಿಹೋದದ್ದನ್ನು ಹೇಳುವ ಮಾತಾದರೆ, ‘ಕೈ ಕೊಟ್ಟ’, ‘ಕೈ ಕೊಟ್ಟಳು’, ‘ಕೈ ಕೊಟ್ಟುಬಿಟ್ರು’, ಬಹುಪಾಲು ನಂಬಿಕೆ ಮುರಿದದ್ದು. ಇನ್ನು ‘ಒಂದು ಕೈ ನೋಡೇಬಿಡ್ತೀನಿ’ ಅನ್ನುವುದರಲ್ಲಿ ಸವಾಲು ಇದೆ. ‘ಐ ವಿಲ್ ಟೇಕ್ ಹಿಮ್ ಆನ್’ ಅಂದರೆ ಆ ಬಿಸಿ ಉಳಿಯುತ್ತದೆ.

ಎರಡನೇ ಹೆಜ್ಜೆ: ಮಾಡಿದ್ದು ಯಾರು, ಅಥವಾ ಯಾವುದು?

‘ಕೈ ಕೊಡು’ ಮನುಷ್ಯರಿಗೆ ಮಾತ್ರ ಸೀಮಿತವಲ್ಲ. ಗಾಡಿ ಕೈ ಕೊಡುತ್ತದೆ, ಮಳೆ ಕೈ ಕೊಡುತ್ತದೆ, ಆರೋಗ್ಯ ಕೈ ಕೊಡುತ್ತದೆ, ಪರೀಕ್ಷೆ ಹೊತ್ತಿಗೆ ಪೆನ್ನು ಕೈ ಕೊಡುತ್ತದೆ. ಕನ್ನಡಕ್ಕೆ ಇಷ್ಟೂ ಕಡೆ ಒಂದೇ ಮಾತು ಸಾಕು, ಯಾಕೆಂದರೆ ಎಲ್ಲ ಕಡೆಯೂ ನಾವು ನಂಬಿ ನಿಂತಿದ್ದು ಜಾರಿತು. ಇಂಗ್ಲಿಷಿನಲ್ಲಿ ಕರ್ತೃ ಬದಲಾದಂತೆ ಪದ ಬದಲಾಗಬೇಕು. ಗೆಳೆಯನಾದರೆ ‘ಲೆಟ್ ಮಿ ಡೌನ್’. ನಡುನೀರಿನಲ್ಲಿ ಬಿಟ್ಟು ಹೋಗಿದ್ದರೆ ಇನ್ನೂ ಗಟ್ಟಿಯಾಗಿ ‘ಲೆಫ್ಟ್ ಮಿ ಇನ್ ದ ಲರ್ಚ್’. ಗಾಡಿಯಾದರೆ ‘ಬ್ರೋಕ್ ಡೌನ್’. ಮಳೆಯಾದರೆ ‘ಫೇಲ್ಡ್’. ಆರೋಗ್ಯಕ್ಕೆ ‘ಗೇವ್ ವೇ’. ಪ್ರೀತಿಯಲ್ಲಿ ಕೈ ಕೊಟ್ಟರೆ ‘ಡಿಚ್ಡ್’ ಅಥವಾ ‘ಜಿಲ್ಟೆಡ್’.

ಇದರ ಎದುರು ಜೋಡಿ ‘ಕೈ ಹಿಡಿ’. ಇದರಲ್ಲೂ ಕರ್ತೃವೇ ದಾರಿ ತೋರಿಸುತ್ತದೆ. ‘ಅವನು ಅವಳ ಕೈ ಹಿಡಿದ’ ಅಂದರೆ ಮದುವೆ. ‘ಕಷ್ಟದಲ್ಲಿ ಅಣ್ಣ ಕೈ ಹಿಡಿದ’ ಅಂದರೆ ಆಸರೆಯಾದ, ‘ಸ್ಟುಡ್ ಬೈ ಮಿ’. ‘ಹೊಸ ವ್ಯಾಪಾರ ಕೈ ಹಿಡಿಯಿತು’ ಅಂದರೆ ಲಾಭ ಬಂತು, ‘ಪೇಯ್ಡ್ ಆಫ್’. ವ್ಯಾಪಾರಕ್ಕೆ ‘ಹೆಲ್ಡ್ ಮೈ ಹ್ಯಾಂಡ್’ ಅಂತ ಬರೆದರೆ ಇಂಗ್ಲಿಷ್ ಓದುಗರಿಗೆ ಚಿಕ್ಕ ಮಗುವನ್ನು ನಡೆಸಿಕೊಂಡು ಹೋದ ಚಿತ್ರ ಬರುತ್ತದೆಯೇ ಹೊರತು ಲಾಭದ ಸುಳಿವು ಸಿಗುವುದಿಲ್ಲ.

ಕಣ್ಣಿನ ವಿಷಯದಲ್ಲಿ ಈ ಹೆಜ್ಜೆ ತಪ್ಪಿದರೆ ಆಗುವ ಪೆಟ್ಟು ಸಣ್ಣದಲ್ಲ. ಕನ್ನಡ ಹೊಸದಾಗಿ ಕಲಿಯುತ್ತಿದ್ದ ನನ್ನ ಗೆಳತಿಯೊಬ್ಬಳು ಗಂಡನ ಮನೆಯಲ್ಲಿ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಳು. ಅಜ್ಜಿಗೆ ಮೈ ಹುಷಾರಿರಲಿಲ್ಲ. ರಾತ್ರಿ ಅತ್ತೆ ಫೋನ್ ಮಾಡಿ ವಿಚಾರಿಸಿದಾಗ ‘ಅಜ್ಜಿ ಈಗ ತಾನೇ ಕಣ್ಣು ಮುಚ್ಚಿದ್ರು ಅತ್ತೆ’ ಅಂದಳು. ಅವಳು ಹೇಳಬೇಕಾಗಿದ್ದದ್ದು ಇಷ್ಟೇ: ಅಜ್ಜಿಗೆ ನಿದ್ದೆ ಬಂತು. ಆ ಕಡೆಯಿಂದ ಅಳು ಕೇಳಿದಾಗಲೇ ಏನೋ ತಪ್ಪಾಗಿದೆ ಅಂತ ಅವಳಿಗೆ ಗೊತ್ತಾದದ್ದು.

ಹಿರಿಯರು, ಕಾಯಿಲೆಯವರು ಕರ್ತೃವಾಗಿ, ಮುಂದೆ ಬೇರೆ ಕೆಲಸ ಹೇಳದೆ ‘ಕಣ್ಣು ಮುಚ್ಚಿದರು’ ಎಂದು ಮಾತು ನಿಂತರೆ ಅದು ಸಾವು. ಇಂಗ್ಲಿಷಿನ ‘ಪಾಸ್ಡ್ ಅವೇ’ ಅದಕ್ಕೆ ಸರಿಯಾದ ಮಾತು, ಎರಡರಲ್ಲೂ ಅದೇ ಮೆಲುದನಿ ಇದೆ. ನಿದ್ದೆಗೆ ನಾವು ಹೇಳುವುದು ‘ಕಣ್ಣು ಹತ್ತಿತು’. ‘ಈಗ ತಾನೇ ಕಣ್ಣು ಹತ್ತಿತ್ತು, ಅಷ್ಟರಲ್ಲಿ ಬೆಲ್ಲಾಯ್ತು’ ಅನ್ನುವಾಗ ಇರುವ ಆ ಹಗುರ ನಿದ್ದೆಗೆ ‘ಡೋಜ್ಡ್ ಆಫ್’ ಅಥವಾ ‘ನಾಡೆಡ್ ಆಫ್’ ಸರಿ. ‘ಕಣ್ಣು ಮುಚ್ಚಿ’ ಅಂತ ಅರ್ಧಕ್ಕೆ ನಿಂತು ಇನ್ನೊಂದು ಕ್ರಿಯೆ ಜೊತೆಗೆ ಬಂದರೆ ಸಾವಿನ ಮಾತೇ ಇಲ್ಲ. ‘ಕಣ್ಣು ಮುಚ್ಚಿ ನಂಬಿದೆ’ ಅಂದರೆ ‘ಟ್ರಸ್ಟೆಡ್ ಬ್ಲೈಂಡ್ಲಿ’. ‘ಅಧಿಕಾರಿಗಳು ಕಣ್ಣು ಮುಚ್ಚಿ ಕೂತಿದ್ದಾರೆ’ ಅಂದರೆ ‘ಟರ್ನಿಂಗ್ ಎ ಬ್ಲೈಂಡ್ ಐ’. ಕನ್ನಡದಲ್ಲಿ ಮುಚ್ಚಿದ ಕಣ್ಣು ಇಂಗ್ಲಿಷಿನಲ್ಲಿ ಕುರುಡು ಕಣ್ಣಾಗುತ್ತದೆ, ಇಷ್ಟೇ ವ್ಯತ್ಯಾಸ.

ಮೂರನೇ ಹೆಜ್ಜೆ: ಅಂಗವಿಲ್ಲದ ಕನ್ನಡದಲ್ಲಿ ಹೇಳಿ ನೋಡಿ

ಇಂಗ್ಲಿಷಿಗೆ ಹಾರುವ ಮುಂಚೆ ನುಡಿಗಟ್ಟನ್ನು ಕನ್ನಡದಲ್ಲೇ ಬೇರೆ ಮಾತಿನಲ್ಲಿ ಹೇಳಬೇಕು. ಆ ಮಾತಿನಲ್ಲಿ ಯಾವ ಅಂಗವೂ ಬರಬಾರದು. ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಸಮಯ ಹಾಳು ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಬೇರೆ ಮಾತಿನಲ್ಲಿ ಹೇಳಲು ಬರಲಿಲ್ಲ ಅಂದರೆ ಅರ್ಥ ನಿಮಗೇ ಇನ್ನೂ ಸ್ಪಷ್ಟವಾಗಿಲ್ಲ ಎಂದೇ ಲೆಕ್ಕ.

‘ಕಣ್ತುಂಬ’ ಎನ್ನುವ ಚಂದದ ಪದ ತೆಗೆದುಕೊಳ್ಳಿ. ‘ಮಗುವನ್ನು ಕಣ್ತುಂಬ ನೋಡಿದಳು’ ಅಂದರೆ ತೃಪ್ತಿಯಾಗುವಷ್ಟು ನೋಡಿದಳು. ‘ಕಣ್ತುಂಬ ನಿದ್ದೆ ಮಾಡಿದಳು’ ಅಂದರೆ ಸಾಕಾಗುವಷ್ಟು ನಿದ್ದೆ ಮಾಡಿದಳು. ‘ಅವಳ ಕಣ್ಣು ತುಂಬಿ ಬಂತು’ ಅಂದರೆ ಅಳು ಬಂತು. ಬೇರೆ ಮಾತಿನಲ್ಲಿ ಹೇಳಿದ ತಕ್ಷಣ ಮೂರೂ ಬೇರೆಯಾಗಿ ನಿಂತವು ನೋಡಿ. ಇನ್ನು ಇಂಗ್ಲಿಷ್ ಸುಲಭ. ಮೊದಲನೆಯದಕ್ಕೆ ‘ಫೀಸ್ಟೆಡ್ ಹರ್ ಐಸ್ ಆನ್’, ಎರಡನೆಯದಕ್ಕೆ ‘ಸ್ಲೆಪ್ಟ್ ಸೌಂಡ್ಲಿ’, ಮೂರನೆಯದಕ್ಕೆ ‘ಹರ್ ಐಸ್ ವೆಲ್ಡ್ ಅಪ್’. ಮೊದಲನೆಯದರಲ್ಲಿ ಕನ್ನಡದ ಕಣ್ಣು ಪಾತ್ರೆಯಂತೆ ತುಂಬುತ್ತದೆ, ಇಂಗ್ಲಿಷಿನ ಕಣ್ಣು ಹಬ್ಬದೂಟ ಮಾಡುತ್ತದೆ. ಎರಡನೆಯದರಲ್ಲಿ ಇಂಗ್ಲಿಷಿಗೆ ಕಣ್ಣೇ ಬೇಡ.

‘ಕಣ್ಣಲ್ಲಿ ಕಣ್ಣಿಟ್ಟು’ ಎನ್ನುವುದಕ್ಕೂ ಈ ಹೆಜ್ಜೆ ಬೇಕೇ ಬೇಕು. ಕೇಳಿದ ಕೂಡಲೇ ಇಂಗ್ಲಿಷ್ ಬಲ್ಲವರಿಗೆ ‘ಸೀ ಐ ಟು ಐ’ ನೆನಪಾಗುತ್ತದೆ. ಅದರ ಅರ್ಥ ಒಮ್ಮತ, ಒಂದೇ ಅಭಿಪ್ರಾಯ. ನಮ್ಮದು ಹಾಗಲ್ಲ. ‘ಮೂರು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು’ ಅಂದರೆ ಒಂದು ಗಳಿಗೆಯೂ ಎಚ್ಚರ ತಪ್ಪದೆ, ಅಕ್ಕರೆಯಿಂದ ಕಾಪಾಡಿದರು. ‘ವಾಚ್ಡ್ ಓವರ್ ಹಿಮ್ ನೈಟ್ ಅಂಡ್ ಡೇ’ ಅಂದರೆ ಹತ್ತಿರ ಬರುತ್ತದೆ. ಬರೀ ಕಾವಲಿನ ಅರ್ಥವಿದ್ದಾಗ ನಾವು ‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು’ ಅನ್ನುತ್ತೇವೆ. ಅದಕ್ಕೆ ‘ಕೆಪ್ಟ್ ದೇರ್ ಐಸ್ ಪೀಲ್ಡ್’ ಸರಿ. ನಾವು ಕಣ್ಣಿಗೆ ಎಣ್ಣೆ ಬಿಟ್ಟರೆ ಅವರು ಕಣ್ಣಿನ ಸಿಪ್ಪೆ ಸುಲಿಯುತ್ತಾರೆ, ಎರಡೂ ಮಾತು ಹೇಳುವುದು ರೆಪ್ಪೆ ಮುಚ್ಚದ ಎಚ್ಚರವನ್ನೇ.

ನಾಲ್ಕನೇ ಹೆಜ್ಜೆ: ಒಂದೇ ಅಂಗ ಕಂಡರೆ ಅನುಮಾನಿಸಿ

ಅರ್ಥ ಸ್ಪಷ್ಟವಾದ ಮೇಲೆ ಇಂಗ್ಲಿಷ್ ಮಾತು ಹುಡುಕಿ. ಅದೇ ಅಂಗ ಇರುವ ಮಾತು ಸಿಕ್ಕಿತು ಅಂದರೆ ಖುಷಿಪಡುವ ಮುಂಚೆ ಒಮ್ಮೆ ನಿಲ್ಲಿ. ಆ ಇಂಗ್ಲಿಷ್ ಮಾತನ್ನು ಕನ್ನಡಕ್ಕೆ ತಿರುಗಿಸಿ ಓದಿ. ಹೊರಟ ಜಾಗಕ್ಕೇ ವಾಪಸ್ ಬಂದರೆ ಮಾತ್ರ ಇಟ್ಟುಕೊಳ್ಳಿ.

ಹೊಟ್ಟೆಯ ಮಾತುಗಳಲ್ಲಿ ಈ ಪರೀಕ್ಷೆ ಬಹಳ ಕೆಲಸಕ್ಕೆ ಬರುತ್ತದೆ. ‘ಹೊಟ್ಟೆಕಿಚ್ಚು’ ತೆಗೆದುಕೊಳ್ಳಿ. ಕಿಚ್ಚು ಅಂದರೆ ಬೆಂಕಿ. ಇಂಗ್ಲಿಷಿನಲ್ಲೂ ‘ಫೈರ್ ಇನ್ ದ ಬೆಲ್ಲಿ’ ಎನ್ನುವ ಮಾತಿದೆ. ಪದಕ್ಕೆ ಪದ ಒಂದೇ. ಆದರೆ ಅಲ್ಲಿ ಹೊಟ್ಟೆಯ ಬೆಂಕಿ ಅಂದರೆ ಗೆಲ್ಲಬೇಕೆಂಬ ಛಲ, ಅದು ಹೊಗಳಿಕೆ. ‘ಆ ಹುಡುಗನಿಗೆ ಹೊಟ್ಟೆಕಿಚ್ಚು’ ಎನ್ನುವುದನ್ನು ಹಾಗೆ ಬರೆದರೆ ತೆಗಳಿಕೆ ಹೊಗಳಿಕೆಯಾಯಿತು. ಇದರ ಸರಿಯಾದ ಜೊತೆ ‘ಎನ್ವಿ’. ‘ಜೆಲಸಿ’ ಅಂತಲೂ ಜನ ಬರೆಯುತ್ತಾರೆ, ಆಡುಮಾತಿನ ಇಂಗ್ಲಿಷಿನಲ್ಲಿ ಅದೂ ನಡೆಯುತ್ತದೆ. ಆದರೆ ಎಚ್ಚರದಿಂದ ಬರೆಯುವಾಗ ಎರಡಕ್ಕೂ ವ್ಯತ್ಯಾಸವಿದೆ. ಇನ್ನೊಬ್ಬರ ಬಳಿ ಇರುವುದನ್ನು ಕಂಡು ಸಹಿಸದಿರುವುದು ‘ಎನ್ವಿ’, ತನ್ನದು ಕೈತಪ್ಪಿ ಹೋದೀತು ಎನ್ನುವ ಉರಿ ‘ಜೆಲಸಿ’. ಪಕ್ಕದ ಮನೆಯವರು ಕಾರು ಕೊಂಡಾಗ ಹುಟ್ಟುವ ಹೊಟ್ಟೆಕಿಚ್ಚು ಮೊದಲನೆಯದೇ.

ಇದರ ಮಗ್ಗುಲಲ್ಲೇ ಇನ್ನೊಂದು ಮಾತಿದೆ, ‘ಹೊಟ್ಟೆ ಉರಿ’. ನಾಮಪದವಾಗಿ ಬಂದರೆ, ‘ಅವನಿಗೆ ಹೊಟ್ಟೆ ಉರಿ’ ಎಂದರೆ, ಅಸೂಯೆಯೇ. ಆದರೆ ‘ಆ ಮಗು ಹಸಿದು ಅಳೋದನ್ನು ನೋಡಿ ನನ್ನ ಹೊಟ್ಟೆ ಉರೀತು’ ಅಂದರೆ ಅಲ್ಲಿ ಅಸೂಯೆಯ ಸುಳಿವೂ ಇಲ್ಲ, ಬರೀ ಸಂಕಟ. ‘ಇಟ್ ಪೇಯ್ನ್ಡ್ ಮಿ’ ಅಂತ ಸರಳವಾಗಿ ಬರೆಯಿರಿ, ಅಥವಾ ‘ಇಟ್ ಬ್ರೋಕ್ ಮೈ ಹಾರ್ಟ್’. ಗುರುತು ಹಿಡಿಯುವ ದಾರಿ ಇದು: ಕಣ್ಣೆದುರು ಇರುವುದು ಇನ್ನೊಬ್ಬರ ಸುಖವೋ ದುಃಖವೋ ನೋಡಿ. ಸುಖ ಕಂಡು ಉರಿದರೆ ಅಸೂಯೆ, ದುಃಖ ಕಂಡು ಉರಿದರೆ ಮರುಕ.

‘ಹೊಟ್ಟೆಗೆ ಹಾಕಿಕೊ’ ಎನ್ನುವುದು ನನಗೆ ತುಂಬ ಇಷ್ಟದ ಮಾತು. ‘ಮಕ್ಕಳು ತಿಳಿಯದೆ ಮಾಡಿದ್ದಾರೆ, ಅವರ ತಪ್ಪನ್ನು ಹೊಟ್ಟೆಗೆ ಹಾಕ್ಕೊಳ್ಳಿ’ ಅಂತ ದೊಡ್ಡವರ ಮುಂದೆ ಕೇಳಿಕೊಳ್ಳುತ್ತೇವೆ. ತಪ್ಪನ್ನು ನುಂಗಿ ಒಳಗೇ ಕರಗಿಸಿಬಿಡಿ, ಮತ್ತೆ ಹೊರಗೆ ತೆಗೆಯಬೇಡಿ ಎಂಬ ಭಾವ. ಇಂಗ್ಲಿಷಿನಲ್ಲಿ ‘ಸ್ಟಮಕ್’ ಎಂಬ ಪದವೇ ಕ್ರಿಯಾಪದವಾಗಿಯೂ ಇದೆ. ‘ಐ ಕಾಂಟ್ ಸ್ಟಮಕ್ ಇಟ್’ ಅಂದರೆ ನನಗೆ ಸಹಿಸಲಾಗದು. ಅಲ್ಲಿರುವುದು ಹೇಗೋ ತಡೆದುಕೊಳ್ಳುವುದು, ಇಲ್ಲಿರುವುದು ಕ್ಷಮಿಸುವುದು. ತಿರುಗಿಸಿ ಓದಿದರೆ ‘ತಪ್ಪನ್ನು ಸಹಿಸಿಕೊಳ್ಳಿ’ ಎಂದಾಗುತ್ತದೆ, ‘ಮನ್ನಿಸಿ’ ಎಂದಾಗುವುದಿಲ್ಲ. ಹೀಗಾಗಿ ‘ಪ್ಲೀಸ್ ಓವರ್‌ಲುಕ್ ಇಟ್’ ಅಥವಾ ‘ಪ್ಲೀಸ್ ಫರ್ಗಿವ್ ದೆಮ್’ ವಾಸಿ. ಹೊಟ್ಟೆ ಕಳೆದುಹೋಗುತ್ತದೆ ನಿಜ, ಕೋರಿಕೆ ಉಳಿಯುತ್ತದೆ.

ಅನ್ನದ ಮಾತು ಬಂದಾಗ ಇಂಗ್ಲಿಷಿನವರು ಹೊಟ್ಟೆಯಿಂದ ಬಾಯಿಗೆ, ಬ್ರೆಡ್ಡಿಗೆ ದಾಟುತ್ತಾರೆ. ‘ಬಡವರ ಹೊಟ್ಟೆ ಮೇಲೆ ಹೊಡೆಯಬೇಡಿ’ ಎನ್ನುವುದರಲ್ಲಿ ಪೆಟ್ಟು ಬೀಳುವುದು ದುಡಿಮೆಗೆ. ಇಂಗ್ಲಿಷ್ ಜೋಡಿ ‘ಟೇಕ್ ದ ಬ್ರೆಡ್ ಔಟ್ ಆಫ್ ದೇರ್ ಮೌತ್ಸ್’. ‘ಹೊಟ್ಟೆಪಾಡಿಗೆ ಮಾಡ್ತೀನಿ’ ಅಂದರೆ ‘ಟು ಮೇಕ್ ಎ ಲಿವಿಂಗ್’. ನಗುವಿಗೂ ಹೀಗೇ ಜಾಗ ಬದಲಾಗುತ್ತದೆ. ನಾವು ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತೇವೆ, ಅವರು ‘ಸ್ಪ್ಲಿಟ್ ದೇರ್ ಸೈಡ್ಸ್’, ಪಕ್ಕೆ ಬಿರಿಯುವ ಹಾಗೆ ನಗುತ್ತಾರೆ.

ಹೊಟ್ಟೆಯ ಒಳಗಿನ ಕರುಳಿಗೆ ಬಂದರೆ ವ್ಯತ್ಯಾಸ ಇನ್ನೂ ಆಳ. ಇಂಗ್ಲಿಷಿನಲ್ಲಿ ‘ಗಟ್ಸ್’ ಅಂದರೆ ಧೈರ್ಯ. ಕನ್ನಡದಲ್ಲಿ ಧೈರ್ಯ ಇರುವುದು ಎದೆಯಲ್ಲಿ, ‘ಎದೆಗಾರಿಕೆ’ ಅನ್ನುತ್ತೇವೆ. ನಮ್ಮ ಕರುಳಿನಲ್ಲಿ ಇರುವುದು ಮಮತೆ. ‘ತಾಯಿ ಕರುಳು’, ‘ಕರುಳು ಚುರುಕ್ ಅಂತು’ ಎನ್ನುವಲ್ಲಿ ಇಂಗ್ಲಿಷ್ ‘ಹಾರ್ಟ್’ ಬೇಕು, ‘ಎ ಮದರ್ಸ್ ಹಾರ್ಟ್’, ‘ಮೈ ಹಾರ್ಟ್ ವೆಂಟ್ ಔಟ್ ಟು ಹಿಮ್’. ‘ಕರುಳ ಕುಡಿ’ ಆದರೆ ‘ಫ್ಲೆಶ್ ಅಂಡ್ ಬ್ಲಡ್’. ಒಂದು ಸಲ ಈ ಅದಲುಬದಲು ಮನಸ್ಸಿನಲ್ಲಿ ಕೂತರೆ ಸಾಕು: ನಮ್ಮ ಎದೆ ಅವರ ‘ಗಟ್ಸ್’, ನಮ್ಮ ಕರುಳು ಅವರ ‘ಹಾರ್ಟ್’. ಈ ಗುಂಪಿನ ಅರ್ಧಕ್ಕರ್ಧ ತೊಂದರೆ ಅಲ್ಲಿಗೆ ಮುಗಿಯುತ್ತದೆ.

ಮೋಸದ ಜೋಡಿ ಇನ್ನೊಂದಿದೆ. ‘ಕೈ ತೊಳೆದುಕೊಂಡು’ ಅಂದ ತಕ್ಷಣ ‘ವಾಶ್ ಯುವರ್ ಹ್ಯಾಂಡ್ಸ್ ಆಫ್’ ಬರೆಯಬೇಡಿ. ‘ಆ ವಿಷಯಕ್ಕೂ ನನಗೂ ಸಂಬಂಧವಿಲ್ಲ ಅಂತ ಕೈ ತೊಳೆದುಕೊಂಡ’ ಅಂದರೆ ಅದು ಸರಿ, ಹೊಣೆ ಕಳಚಿಕೊಂಡ. ಆದರೆ ‘ಕೈ ತೊಳೆದುಕೊಂಡು ನನ್ನ ಹಿಂದೆ ಬಿದ್ದಿದ್ದಾನೆ’ ಎನ್ನುವಾಗ ಅರ್ಥ ಪೂರಾ ತಿರುಗುಮುರುಗು. ಬಿಡುವುದಿರಲಿ, ಬಿಡದೆ ಕಾಡುತ್ತಿದ್ದಾನೆ. ‘ಹೌಂಡಿಂಗ್ ಮಿ’ ಇದಕ್ಕೆ ತಕ್ಕ ಮಾತು. ‘ಹಿಂದೆ ಬೀಳು’, ‘ಬೆನ್ನು ಹತ್ತು’ ಪಕ್ಕದಲ್ಲಿದೆಯಾ ಎಂದು ನೋಡಿದರೆ ಗೊತ್ತಾಗಿಬಿಡುತ್ತದೆ.

ಐದನೇ ಹೆಜ್ಜೆ: ದನಿ ಅಳೆಯಿರಿ, ಸಿಗದಿದ್ದರೆ ಸರಳ ಪದ ಬಳಸಿ

ಅರ್ಥ ಕೂಡಿದರೂ ದನಿ ಕೂಡದೆ ಇರಬಹುದು. ‘ಕಣ್ಣೀರು ಒರೆಸಿದರು’ ಅಂದರೆ ನಿಜವಾಗಿ ಸಮಾಧಾನ ಮಾಡಿದರು, ಅದು ಗೌರವದ ಮಾತು. ‘ಇದೆಲ್ಲ ಕಣ್ಣೊರೆಸುವ ತಂತ್ರ’ ಅಂದಾಗ ಅದೇ ಒರೆಸುವುದು ಟೀಕೆಯಾಯಿತು, ತೋರಿಕೆಗೆ ಮಾಡಿದ್ದು ಎಂದರ್ಥ. ಇದಕ್ಕೆ ಇಂಗ್ಲಿಷಿನ ‘ಐವಾಶ್’ ಅರ್ಥದಲ್ಲೂ ದನಿಯಲ್ಲೂ ಕೂಡುವುದು ಒಂದು ಸುಂದರ ಆಕಸ್ಮಿಕ. ‘ಕಣ್ಣು ನೆತ್ತಿಗೇರಿದೆ’ ಎನ್ನುವುದಕ್ಕೆ ಅಂಥ ಅದೃಷ್ಟವಿಲ್ಲ. ‘ಸೊಕ್ಕು ಬಂದಿದೆ’ ಎನ್ನುವ ಆ ಸಿಟ್ಟಿನ ಮಾತಿಗೆ ಬರೀ ‘ಪ್ರೌಡ್’ ಅಂದರೆ ಸಪ್ಪೆ, ಅದು ಹೊಗಳಿಕೆಯೂ ಆಗಬಹುದು. ‘ಟೂ ಬಿಗ್ ಫಾರ್ ಹಿಸ್ ಬೂಟ್ಸ್’ ಅಂದರೆ ಸಿಟ್ಟು ಉಳಿಯುತ್ತದೆ.

ಎಷ್ಟು ಹುಡುಕಿದರೂ ತಕ್ಕ ಇಂಗ್ಲಿಷ್ ನುಡಿಗಟ್ಟು ಸಿಗದಿದ್ದರೆ ಸರಳ ಕ್ರಿಯಾಪದ ಬರೆಯಿರಿ. ಹೊಂದದ ನುಡಿಗಟ್ಟಿಗಿಂತ ಸರಳ ಪದ ಯಾವಾಗಲೂ ಮೇಲು.

ಒಂದು ಸಂದೇಶ, ಮೊದಲಿನಿಂದ ಕೊನೆಯವರೆಗೆ

ಈಗ ಎಲ್ಲ ಹೆಜ್ಜೆಗಳನ್ನೂ ಒಟ್ಟಿಗೆ ಹಾಕಿ ನೋಡೋಣ. ಅಜ್ಜಿಯೊಬ್ಬರು ಹೊರದೇಶದಲ್ಲಿ ಬೆಳೆದ ಮೊಮ್ಮಗಳಿಗೆ ಕಳಿಸಿದ ಮಾತು ಅಂದುಕೊಳ್ಳಿ. ಮೊಮ್ಮಗಳಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ.

‘ಪುಟ್ಟಿ, ಈ ವರ್ಷ ಮಳೆ ಕೈ ಕೊಡ್ತು. ಬೋರ್ ಹಾಕ್ಸಿ ನಿಮ್ಮ ಮಾವ ಕೈ ಸುಟ್ಕೊಂಡ. ಆದ್ರೂ ಕೈ ಚೆಲ್ಲಿ ಕೂತಿಲ್ಲ, ಹೈನುಗಾರಿಕೆಗೆ ಕೈ ಹಾಕಿದಾನೆ. ನಿನ್ನನ್ನ ಒಂದ್ಸಲ ಕಣ್ತುಂಬ ನೋಡ್ಬೇಕು ಅಂತ ಆಸೆ. ಹೋದ್ಸಲ ಸಿಟ್ಟಲ್ಲಿ ಏನೋ ಅಂದುಬಿಟ್ಟೆ, ಹೊಟ್ಟೆಗೆ ಹಾಕ್ಕೋ ಕಂದ.’

ಮೊದಲ ಸಾಲಿನ ಕರ್ತೃ ಮಳೆ. ಹಾಗಾಗಿ ‘ಲೆಟ್ ಅಸ್ ಡೌನ್’ ಬೇಡ, ‘ದ ರೇನ್ಸ್ ಫೇಲ್ಡ್’ ಸಾಕು. ಎರಡನೆಯದರಲ್ಲಿ ಮಾವ ದುಡ್ಡು ಕಳೆದುಕೊಂಡ. ‘ಬರ್ನ್ಟ್ ಹಿಸ್ ಫಿಂಗರ್ಸ್’ ಅಂತ ತಿರುಗಿಸಿ ಓದಿದರೆ ಹೊರಟಲ್ಲಿಗೇ ಬರುತ್ತೇವೆ, ಅದನ್ನೇ ಇಟ್ಟುಕೊಳ್ಳಬಹುದು. ಕೈ ಬೆರಳಾಯಿತು ಅಷ್ಟೇ. ಆದರೆ ಇಲ್ಲೊಂದು ಸಣ್ಣ ಎಚ್ಚರ. ಬೋರ್ ಕೊರೆಸುವ ಯಂತ್ರದ ಮಾತು ಪಕ್ಕದಲ್ಲೇ ಇರುವುದರಿಂದ ಓದುವವಳು ನಿಜವಾಗಿ ಸುಟ್ಟಗಾಯವಾಯಿತು ಅಂದುಕೊಳ್ಳಬಹುದು. ಮೊಮ್ಮಗಳಿಗೆ ಗಾಬರಿಯಾಗಬಾರದು, ಅಲ್ವಾ? ನಾನಾದರೆ ಇಲ್ಲಿ ನುಡಿಗಟ್ಟು ಬಿಟ್ಟು ‘ಲಾಸ್ಟ್ ಎ ಲಾಟ್ ಆಫ್ ಮನಿ’ ಅಂತ ಬರೆಯುತ್ತೇನೆ.

‘ಕೈ ಚೆಲ್ಲಿ ಕೂರು’ ಅಂದರೆ ಇನ್ನೇನೂ ಮಾಡಲಾಗದು ಎಂದು ಸೋತು ಕೂರುವುದು. ಇಂಗ್ಲಿಷಿನಲ್ಲಿ ‘ಥ್ರೋ ಅಪ್ ಹಿಸ್ ಹ್ಯಾಂಡ್ಸ್’ ಇದೆ, ‘ಸಿಟ್ ಆನ್ ಹಿಸ್ ಹ್ಯಾಂಡ್ಸ್’ ಕೂಡ ಇದೆ. ಎರಡನೆಯದು ನಮ್ಮ ‘ಕೈ ಕಟ್ಟಿ ಕೂತ’ ಎನ್ನುವುದಕ್ಕೆ ಹೊಂದುತ್ತದೆ, ಮಾಡಬಹುದಾದದ್ದನ್ನೂ ಮಾಡದವನಿಗೆ. ಸೋಮಾರಿತನದ ಆ ವಾಸನೆ ಅಜ್ಜಿಯ ಮಾತಿನಲ್ಲಿ ಇಲ್ಲ. ಆದ್ದರಿಂದ ಮೊದಲನೆಯದು, ಇಲ್ಲವೇ ಬರೀ ‘ಹಿ ಹ್ಯಾಸಂಟ್ ಗಿವನ್ ಅಪ್’. ‘ಹೈನುಗಾರಿಕೆಗೆ’ ಎನ್ನುವಲ್ಲಿ ‘ಗೆ’ ಇದೆ, ಹಾಗಾಗಿ ಹೊಸ ಕೆಲಸ ಶುರು ಮಾಡಿದ್ದಾನೆ, ‘ಟೇಕನ್ ಅಪ್ ಡೈರಿ ಫಾರ್ಮಿಂಗ್’.

‘ಕಣ್ತುಂಬ ನೋಡ್ಬೇಕು’ ಎನ್ನುವುದಕ್ಕೆ ಆಗಲೇ ‘ಫೀಸ್ಟ್ ಮೈ ಐಸ್ ಆನ್’ ಅಂತ ಹೇಳಿದ್ದೆ. ಅರ್ಥ ತಪ್ಪಲ್ಲ. ಆದರೆ ಆ ಮಾತು ದೃಶ್ಯಕ್ಕೆ, ಅಲಂಕಾರಕ್ಕೆ ಚೆನ್ನ. ಮೊಮ್ಮಗಳ ಮುಖ ನೋಡಲು ಕಾದಿರುವ ಅಜ್ಜಿಯ ಬಾಯಲ್ಲಿ ಸ್ವಲ್ಪ ಬಿಗಿಯಾಗಿ ಕೇಳುತ್ತದೆ. ಐದನೇ ಹೆಜ್ಜೆ ನೆನಪಿಸಿಕೊಂಡು ‘ಐ ಲಾಂಗ್ ಟು ಸೀ ಯು, ಟು ಲುಕ್ ಅಂಡ್ ಲುಕ್’ ಅಂತ ಬರೆದೆ. ಎರಡು ಸಲ ‘ಲುಕ್’ ಬಂದಾಗ ಆ ತುಂಬುವುದು ಸ್ವಲ್ಪ ಸಿಕ್ಕಿತು ಅನ್ನಿಸಿತು.

ಕೊನೆಯ ಸಾಲಿನ ಮೇಲೆ ನಾನು ಜಾಸ್ತಿ ಹೊತ್ತು ಕೂತೆ. ‘ಹೊಟ್ಟೆಗೆ ಹಾಕ್ಕೋ’ ಅಂತ ಸಾಮಾನ್ಯವಾಗಿ ಕೇಳುವುದು ಕಿರಿಯರ ಪರವಾಗಿ, ಕೇಳುವುದು ದೊಡ್ಡವರನ್ನು. ಇಲ್ಲಿ ಅಜ್ಜಿಯೇ ಮೊಮ್ಮಗಳನ್ನು ಕೇಳುತ್ತಿದ್ದಾರೆ. ಇಂಗ್ಲಿಷಿನಲ್ಲಿ ‘ಫರ್ಗಿವ್ ಮಿ’ ಅಂದರೆ ಅರ್ಥ ಬರುತ್ತದೆ, ಆದರೆ ಭಾರವಾಯಿತು, ದೊಡ್ಡ ಅಪರಾಧವೇ ಆದ ಹಾಗೆ. ‘ಓವರ್‌ಲುಕ್ ಇಟ್’ ಕಚೇರಿಯ ಮಾತಿನಂತಾಯಿತು. ‘ಡೋಂಟ್ ಹೋಲ್ಡ್ ಇಟ್ ಅಗೇನ್ಸ್ಟ್ ಮಿ, ಡಿಯರ್’ ಅಂತ ಬರೆದು ಕನ್ನಡಕ್ಕೆ ತಿರುಗಿಸಿ ಓದಿದೆ: ‘ಅದನ್ನ ಮನಸ್ಸಲ್ಲಿ ಇಟ್ಕೋಬೇಡ ಕಂದ.’ ಅಜ್ಜಿ ಹಾಗೂ ಹೇಳಬಹುದಾಗಿತ್ತು. ಅದನ್ನೇ ಉಳಿಸಿಕೊಂಡೆ.